ಅನಿಲೀನ್‌ನಿಂದ 1,3,5-ಟ್ರೈಬ್ರೋಮೊಬೆಂಜೀನ್
ಪ್ರಶ್ನೆ: ಬೆಂಜೀನ್‌ಗೆ ನೇರವಾಗಿ ಬ್ರೋಮಿನ್ ಹಾಕಿ 1,3,5-ಟ್ರೈಬ್ರೋಮೊಬೆಂಜೀನ್ ಮಾಡಬಾರದಾ? ಡಯಜೋನಿಯಂ ಯಾಕೆ ಬೇಕು?

ಆಗುವುದಿಲ್ಲ. ಮೊದಲ ಬ್ರೋಮಿನ್ ಮುಂದಿನದನ್ನು ಆರ್ಥೋ, ಪ್ಯಾರಾ ಜಾಗಕ್ಕೇ ಕಳಿಸುತ್ತದೆ, ನಮಗೆ ಬೇಕಾಗಿರುವುದು ಮೆಟಾ.

ಅನಿಲೀನ್‌ನಿಂದ ಶುರು ಮಾಡಿ. ಸುಮ್ನೆ ಬ್ರೋಮಿನ್ ನೀರು ಹಾಕಿದರೂ ಸಾಕು, NH₂ ಗುಂಪಿನ ಪ್ರಭಾವಕ್ಕೆ 2, 4, 6 ಮೂರೂ ಜಾಗ ತುಂಬಿ ಬಿಳಿ ಟ್ರೈಬ್ರೋಮೊಅನಿಲೀನ್ ತಳಕ್ಕೆ ಕೂರುತ್ತದೆ. ಈ ಮೂರು ಬ್ರೋಮಿನ್‌ಗಳು ಒಂದಕ್ಕೊಂದು ಮೆಟಾ, ಅಲ್ವಾ? ಇನ್ನು NH₂ ತೆಗೆದರಾಯಿತು, ಅದಕ್ಕೆ ಮೊದಲು ಅದನ್ನು ಡಯಜೋನಿಯಂ ಗುಂಪಾಗಿ ಬದಲಿಸಬೇಕು.

ಈ ಅಮೀನ್ ತುಂಬಾ ದುರ್ಬಲ ಪ್ರತ್ಯಾಮ್ಲ, ತೆಳು HCl ಸಾಲುವುದಿಲ್ಲ. ಅದನ್ನು ಗಟ್ಟಿ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ, 0–5 °Cನಲ್ಲಿ NaNO₂ ನಿಧಾನವಾಗಿ ಸೇರಿಸಬೇಕು. ಬಿಸಿಯಾದರೆ ಡಯಜೋನಿಯಂ ಒಡೆದು ಫೀನಾಲ್ ಆಗಬಹುದು. ಆಮೇಲೆ H₃PO₂ ಹಾಕಿದರೆ ನೈಟ್ರೋಜನ್ ಗುಳ್ಳೆಗಳಾಗಿ ಹೋಗಿ, ಆ ಜಾಗಕ್ಕೆ ಹೈಡ್ರೋಜನ್ ಬರುತ್ತದೆ. ಡಯಜೋನಿಯಂ ಲವಣವನ್ನು ಮಾತ್ರ ಬೇರ್ಪಡಿಸಿ ಒಣಗಿಸಬೇಡಿ, ಸಿಡಿಯಬಹುದು.