ಹೆಂಡತಿ ಪಕ್ಕದಲ್ಲಿದ್ದಾಗಲೇ ಮಾತು ನಿಲ್ಲುತ್ತಿತ್ತು

ಮಂಜುನಾಥ ಮತ್ತು ದೀಪಾ ಗಂಡ-ಹೆಂಡತಿ, ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದಾಗ, ಮಂಜುನಾಥರಿಗೆ ಇಂಗ್ಲಿಷ್ ಮಾತಾಡಲು ಇದ್ದ ಅಳುಕಿನ ವಿಷಯವನ್ನೇ ಎತ್ತಲಿಲ್ಲ. "ಸಣ್ಣಪುಟ್ಟದಕ್ಕೆಲ್ಲ ಜಗಳ ಆಗ್ತಿದೆ ಮೇಡಂ" ಅಂದರು. ಸಾರಿಗೆ ಉಪ್ಪು ಕಡಿಮೆ ಆದರೆ ಜಗಳ, ಕಾರನ್ನು ಸರ್ವಿಸ್‌ಗೆ ಬಿಡೋದು ಮರೆತರೆ ಜಗಳ. (ಇಬ್ಬರ ಹೆಸರೂ ನಿಜವಲ್ಲ. ಗುರುತು ಹತ್ತಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ಅವರು ಒಪ್ಪಿದ ಮೇಲೇ ಇದನ್ನು ಬರೆಯುತ್ತಿರುವುದು.) ಜಗಳ ಆದ ದಿನಗಳನ್ನು ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಂಡು ಬನ್ನಿ ಅಂದೆ. ಹೆಚ್ಚಿನವು ಭಾನುವಾರಕ್ಕೆ, ಸೋಮವಾರಕ್ಕೆ ಬಿದ್ದಿದ್ದವು. ಹಿಂದಿನ ಶನಿವಾರ ರಾತ್ರಿ ಏನಿತ್ತು ಅಂತ ಕೇಳಿದರೆ, ಪ್ರತಿಸಲ ಒಂದೇ ಉತ್ತರ: ದೀಪಾ ಆಫೀಸಿನ ಗೆಳತಿಯರ ಮನೆಯಲ್ಲಿ ಊಟ.

ಮಂಜುನಾಥ ಅರಸೀಕೆರೆ ಕಡೆಯವರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಮೆಕ್ಯಾನಿಕಲ್ ಡಿಪ್ಲೊಮಾ. ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತಾರೆ. ದೀಪಾ ಬೆಂಗಳೂರಲ್ಲೇ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು, ಎಂಬಿಎ ಮುಗಿಸಿ ದೊಡ್ಡ ಕಂಪನಿಯೊಂದರ ಎಚ್‌ಆರ್‌ನಲ್ಲಿದ್ದಾರೆ. ಮನೆಯವರು ನೋಡಿ ಮಾಡಿದ ಮದುವೆ. ಎರಡು ವರ್ಷದ ಮಗಳಿದ್ದಾಳೆ. ದುಡ್ಡಿನ ತಾಪತ್ರಯ ಇಲ್ಲ. ಎಷ್ಟೋ ತಿಂಗಳು ಗಂಡನ ಸಂಪಾದನೆಯೇ ಜಾಸ್ತಿ.

ಶನಿವಾರದ ಊಟದಲ್ಲಿ ಏನಾಗುತ್ತೆ ಅಂತ ಬಿಡಿಸಿ ಹೇಳಲು ಕೇಳಿದೆ. ಅಲ್ಲಿ ಸೇರುವವರಲ್ಲಿ ಪುಣೆಯವರಿದ್ದಾರೆ, ಹೈದರಾಬಾದಿನವರಿದ್ದಾರೆ, ಹಾಗಾಗಿ ಮಾತು ಇಂಗ್ಲಿಷ್‌ನಲ್ಲೇ. ಅದು ಜಂಬವಲ್ಲ, ಎಲ್ಲರಿಗೂ ಬರುವುದು ಅದೊಂದೇ. ಒಂದು ಸಲ ಯಾರೋ ಮಂಜುನಾಥರನ್ನು ಏನು ಕೆಲಸ ಅಂತ ಕೇಳಿದರು. ಅವರು "ಐ ಆಮ್ ಹ್ಯಾವಿಂಗ್ ಒನ್ ಸ್ಮಾಲ್..." ಅನ್ನುವಷ್ಟರಲ್ಲಿ ದೀಪಾ ನಡುವೆ ಬಂದು, ಅವರದ್ದು ಪ್ರಿಸಿಷನ್ ಕಾಂಪೊನೆಂಟ್ಸ್ ಯೂನಿಟ್ ಅಂತ ಚೆಂದದ ಇಂಗ್ಲಿಷ್‌ನಲ್ಲಿ ಮುಗಿಸಿದರು. ಇನ್ನೊಂದು ದಿನ ಮಂಜುನಾಥ "ವೆಜಿಟೇಬಲ್ ಪಲಾವ್" ಅಂದಿದ್ದಕ್ಕೆ ನಗುತ್ತಲೇ "ವೆಜ್ಟಬಲ್" ಅಂತ ತಿದ್ದಿದರು. ಯಾರೂ ನಗಲಿಲ್ಲ ಅಂತ ದೀಪಾ ಹೇಳುತ್ತಾರೆ. ಎಲ್ಲರೂ ನಕ್ಕರು ಅಂತ ಮಂಜುನಾಥ. ಆಮೇಲೆ ಅವರು ಫೋನು ಹಿಡಿದು ಬಾಲ್ಕನಿಯಲ್ಲಿ ಕೂರುವುದು ರೂಢಿಯಾಯಿತು. ಹೊರಡುವ ಮುಂಚೆ ಮನೆಯಲ್ಲೇ ಎರಡು ಪೆಗ್ ಹಾಕಿಕೊಳ್ಳುವುದೂ ಶುರುವಾಗಿತ್ತು. ಇದು ದೀಪಾಗೆ ಗೊತ್ತಿರಲಿಲ್ಲ, ಒಬ್ಬರನ್ನೇ ಕೂರಿಸಿ ಮಾತಾಡಿದಾಗ ಹೊರಬಂತು.

ಇಲ್ಲಿ ಸುಲಭವಾಗಿ ಕೊಡಬಹುದಾದ ಸಲಹೆ ಸ್ಪೋಕನ್ ಇಂಗ್ಲಿಷ್ ಕ್ಲಾಸು. ಅದನ್ನವರು ಆಗಲೇ ಮಾಡಿ ನೋಡಿದ್ದರು. ಫೀಸು ಕಟ್ಟಿ, ತಮ್ಮ ಪರಿಚಯ ಹೇಳಿಕೊಳ್ಳುವ ಪಾಠ ಬಾಯಿಪಾಠ ಮಾಡಿ, ಬಿಟ್ಟಿದ್ದರು. ಭಯ ಒಂಚೂರೂ ಇಳಿದಿರಲಿಲ್ಲ. ಕಡಿಮೆ ಇರುವುದು ಭಾಷೆಯೋ, ಅಥವಾ ಆ ಜಾಗದಲ್ಲಿ ಬೇರೆ ಏನೋ ನಡೆಯುತ್ತಿದೆಯೋ ಅಂತ ಮೊದಲು ನೋಡಬೇಕಿತ್ತು.

ಅದಕ್ಕೆ ಒಂದು ಸರಳ ಪಟ್ಟಿ ಮಾಡಿಸುತ್ತೇನೆ. ಎಲ್ಲೆಲ್ಲಿ, ಯಾರ ಜೊತೆ ಇಂಗ್ಲಿಷ್ ಆಡಬೇಕಾಯಿತು, ಆಗ ಅಳುಕು ಸೊನ್ನೆಯಿಂದ ನೂರರಲ್ಲಿ ಎಷ್ಟು. ಮಂಜುನಾಥ ಬಿಲ್ ಬುಕ್ಕಿನ ಹಿಂದೆ ಬರೆದು ತಂದಿದ್ದರು. ಚೆನ್ನೈನಿಂದ ಆಡಿಟ್‌ಗೆ ಬಂದ ಕ್ವಾಲಿಟಿ ಎಂಜಿನಿಯರ್ ಜೊತೆ 20. ಬ್ಯಾಂಕ್ ಮ್ಯಾನೇಜರ್ ಹತ್ತಿರ 35. ಮಗಳ ಪ್ಲೇಸ್ಕೂಲಿನ ಟೀಚರ್ ಮುಂದೆ 60. ದೀಪಾ ಗೆಳತಿಯ ಗಂಡ ಒಬ್ಬರೇ ಸಿಕ್ಕಾಗ 55. ಅದೇ ಜನ, ಪಕ್ಕದಲ್ಲಿ ದೀಪಾ ಇದ್ದರೆ 90.

ಕೊನೆಯ ಸಾಲು ಓದಿ ದೀಪಾ ತುಂಬಾ ಹೊತ್ತು ಮಾತಾಡಲಿಲ್ಲ. ನಾನು ಮೊದಲ ಸಾಲಿನಿಂದ ಶುರು ಮಾಡಿದೆ. ಆಡಿಟ್ ದಿನ ಏನು ಮಾತಾಡಿದಿರಿ? ಮಂಜುನಾಥರ ಮುಖ ಬದಲಾಯಿತು. ಒಂದು ಲಾಟ್‌ನಲ್ಲಿ ಥ್ರೆಡ್ ಗೇಜ್ ಕೂರುತ್ತಿರಲಿಲ್ಲ, ಟೂಲ್ ಸವೆದಿತ್ತು, ಎಷ್ಟು ಪೀಸ್ ರಿಜೆಕ್ಷನ್, ಮುಂದೆ ಎಷ್ಟು ಪೀಸಿಗೊಮ್ಮೆ ಚೆಕ್ ಮಾಡುತ್ತೇವೆ ಅಂತೆಲ್ಲ ಅರ್ಧ ಗಂಟೆ ವಿವರಿಸಿದ್ದರಂತೆ. ಇಂಗ್ಲಿಷ್, ಹಿಂದಿ, ಎರಡು ತಮಿಳು ಮಾತು, ಎಲ್ಲ ಬೆರೆಸಿ. ವ್ಯಾಕರಣ ಅಲ್ಲೂ ಅದೇ. ಆದರೆ ಅಲ್ಲಿ ಅವರ ಗಮನ ಪೀಸಿನ ಮೇಲಿತ್ತು. ಊಟದ ಮನೆಯಲ್ಲಿ ಗಮನ ಪೂರ್ತಿ ತಮ್ಮ ಮೇಲೆ: ಈಗ ಸರಿ ಹೇಳಿದೆನಾ, ದೀಪಾ ಮುಖ ಹೇಗಾಯಿತು, ಮುಂದಿನ ವಾಕ್ಯ ಏನು. ಎದುರಿನವರು ಹೇಳಿದ್ದರಲ್ಲಿ ಅರ್ಧ ಕಿವಿಗೇ ಬೀಳುವುದಿಲ್ಲ. ಹಾಗಾಗಿ ಉತ್ತರ ಇನ್ನಷ್ಟು ತಡವರಿಸುತ್ತದೆ.

ಕ್ಲಾರ್ಕ್ ಮತ್ತು ವೆಲ್ಸ್ ಎಂಬ ಮನಃಶಾಸ್ತ್ರಜ್ಞರು 1995ರಲ್ಲಿ ಜನರೆದುರಿನ ಅಂಜಿಕೆ ಬಗ್ಗೆ ಬರೆದಾಗ ಎರಡು ವಿಷಯಗಳಿಗೆ ಒತ್ತು ಕೊಟ್ಟರು. ಒಂದು, ಹೀಗೆ ಗಮನ ತನ್ನ ಮೇಲೇ ತಿರುಗುವುದು. ಇನ್ನೊಂದು, ಬಚಾವಾಗಲು ಮಾಡುವ ಸಣ್ಣ ಉಪಾಯಗಳು. ಫೋನು ನೋಡುವುದು, ವಾಕ್ಯವನ್ನು ಮನಸ್ಸಲ್ಲೇ ಮೂರು ಸಲ ಹೇಳಿಕೊಳ್ಳುವುದು, ಬಾಲ್ಕನಿ, ಪೆಗ್ಗು, ಎಲ್ಲ ಇದೇ ಗುಂಪಿನವು. ಆ ಹೊತ್ತಿಗೆ ನೆಮ್ಮದಿ ಕೊಡುತ್ತವೆ. ಆದರೆ "ಹಾಗೇ ಮಾತಾಡಿದ್ದರೆ ಏನೂ ಆಗುತ್ತಿರಲಿಲ್ಲ" ಅನ್ನುವುದು ಗೊತ್ತಾಗಲು ಬಿಡುವುದಿಲ್ಲ. ಮಂಜುನಾಥರ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಉಪಾಯ ಹೆಂಡತಿಯೇ ಆಗಿಬಿಟ್ಟಿದ್ದರು. ಆಕೆ ಪ್ರತಿಸಲ ವಾಕ್ಯ ಮುಗಿಸಿಕೊಟ್ಟಾಗ, ನಿಮ್ಮ ಕೈಲಿ ಆಗಲ್ಲ ಅಂತ ಹೇಳಿದ ಹಾಗೇ ಆಗುತ್ತಿತ್ತು.

ದೀಪಾ ಜೊತೆ ಬೇರೆಯಾಗಿ ಮಾತಾಡಿದೆ. ಇಂಥ ಪ್ರಕರಣದಲ್ಲಿ ಒಬ್ಬೊಬ್ಬರನ್ನೇ ಕೂರಿಸುವುದು ಕಡ್ಡಾಯ ಅಂತ ನನ್ನ ಅನಿಸಿಕೆ. ಬೇಕಂತಲೇ ನಾಲ್ಕು ಜನರ ಮುಂದೆ ಹೀಯಾಳಿಸಿ ಸಂಗಾತಿಯನ್ನು ತಗ್ಗಿಸಿ ಇಡುವವರೂ ಇದ್ದಾರೆ. ಅಂಥ ಕಡೆ ಇಬ್ಬರನ್ನೂ ಎದುರುಬದುರು ಕೂರಿಸಿದರೆ, ಅಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ. ಇಲ್ಲಿ ಹಾಗಿರಲಿಲ್ಲ. "ನಂಗೆ ಅವರ ಬಗ್ಗೆ ನಾಚಿಕೆ ಇಲ್ಲ ಮೇಡಂ, ಅವರನ್ನ ನೋಡಿ ಯಾರಾದ್ರೂ ನಗ್ತಾರೇನೋ ಅಂತ ಭಯ" ಅಂದರು ದೀಪಾ. ಯಾರಾದರೂ ನಕ್ಕಿದ್ದಾರಾ ಅಂತ ಕೇಳಿದೆ. ಯೋಚಿಸಿ, ವರ್ಷದ ಹಿಂದೆ ಒಬ್ಬ ಗೆಳತಿ "ನಿನ್ನ ಹಸ್ಬೆಂಡ್ ತುಂಬಾ ಸಿಂಪಲ್ ಅಲ್ವಾ" ಅಂದಿದ್ದನ್ನು ಹೇಳಿದರು. ಅದೊಂದು ಮಾತು ಮನಸ್ಸಲ್ಲಿ ಕೂತುಬಿಟ್ಟಿತ್ತು. ಆಮೇಲಿಂದ ಹೊರಡುವಾಗೆಲ್ಲ "ಆ ನೀಲಿ ಶರ್ಟ್ ಹಾಕ್ಕೊಳ್ಳಿ ರೀ, ರಾಜಕೀಯ ಎತ್ತಬೇಡಿ" ಅನ್ನುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಅಂದರು: "ಇಲ್ಲ, ಸ್ವಲ್ಪ ನಾಚಿಕೆನೂ ಇದೆ."

ಇದನ್ನು ಗಂಡನಿಂದ ಮುಚ್ಚಿಡಿ ಅಂತ ನಾನು ಹೇಳಲಿಲ್ಲ. ಅವರಿಗೆ ಗೊತ್ತಿಲ್ಲದೆ ಏನಿಲ್ಲ, ಮುಖ ನೋಡಿದರೆ ಕಾಣುತ್ತದೆ. ಹೇಳುವ ರೀತಿ ಮಾತ್ರ ಮುಖ್ಯ. "ನಿಮ್ಮಿಂದ ನಂಗೆ ಮುಜುಗರ ಆಗುತ್ತೆ" ಅನ್ನುವುದು ಒಂದು. "ಅವರು ನನ್ನನ್ನ ಕೀಳಾಗಿ ನೋಡ್ತಾರೇನೋ ಅಂತ ನಂಗೆ ಅಳುಕು, ಅದಕ್ಕೇ ನಡುವೆ ಬಾಯಿ ಹಾಕ್ತೀನಿ" ಅನ್ನುವುದು ಇನ್ನೊಂದು. ಎರಡನೆಯದನ್ನು ಮುಂದಿನ ಭೇಟಿಯಲ್ಲಿ ನನ್ನೆದುರೇ ಹೇಳಿದರು. ಮಂಜುನಾಥರಿಗೆ ಕೋಪ ಬರಲಿಲ್ಲ. "ಇದನ್ನ ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ" ಅಂದರು, ಅಷ್ಟೆ.

ಆದರೆ ತಕ್ಕಡಿಯ ಇನ್ನೊಂದು ಬದಿಯೂ ಇತ್ತು. ಊರಿಗೆ ಹೋದಾಗ ಮಂಜುನಾಥ ನೆಂಟರ ಮುಂದೆ "ಇವಳಿಗೆ ಮುದ್ದೆ ಕಟ್ಟೋಕೇ ಬರಲ್ಲ, ಇಂಗ್ಲಿಷ್ ಮಾತ್ರ ಬರುತ್ತೆ" ಅಂತ ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಅತ್ತೆ, ನಾದಿನಿಯರ ನಡುವೆ ದೀಪಾ ಮುಖ ಚಿಕ್ಕದಾಗುತ್ತಿತ್ತು. ಇದು ತಮಾಷೆ ಅಂತಲೇ ಮಂಜುನಾಥ ವಾದಿಸಿದರು. ವೆಜಿಟೇಬಲ್ ತಿದ್ದಿದ್ದೂ ತಮಾಷೆಯೇ ಆಗಿತ್ತಲ್ಲ ಅಂದೆ. ಸುಮ್ಮನಾದರು.

ಇಬ್ಬರಿಗೂ ಸೇರಿ ಒಂದು ಒಪ್ಪಂದ ಮಾಡಿಸಿದೆ. ಹೊರಗೆ ತಿದ್ದುವುದು ಇಲ್ಲ, ಊರಲ್ಲಿ ಅಣಕಿಸುವುದೂ ಇಲ್ಲ. ಪರವಾಗಿ ಉತ್ತರಿಸುವುದು ಇಲ್ಲ. ಮಂಜುನಾಥರಿಗೆ ಪದ ಸಿಗದಿದ್ದರೆ ಎಲ್ಲರೆದುರೇ ಕನ್ನಡದಲ್ಲಿ "ಇದಕ್ಕೇನಂತಾರೆ ದೀಪಾ?" ಅಂತ ಕೇಳಬೇಕು. ಆಕೆ ಆ ಒಂದು ಪದ ಕೊಡಬೇಕು, ವಾಕ್ಯ ಕೊಡಬಾರದು. ದೀಪಾ ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡಲು ಮುಂದೆ ಬಂದರು, ಬೇಡ ಅಂದೆ. ಹೆಂಡತಿ ಟೀಚರ್ ಆದರೆ ಊಟದ ಮನೆಯಲ್ಲಿ ಆಗುತ್ತಿದ್ದದ್ದೇ ಅಡುಗೆಮನೆಯಲ್ಲೂ ಶುರುವಾಗುತ್ತದೆ. ಅದರ ಬದಲು, ಜನ ಯಾವಾಗಲೂ ಕೇಳುವ ಮೂರು ಪ್ರಶ್ನೆಗಳನ್ನು ಆರಿಸಿಕೊಂಡೆವು: ಏನು ಕೆಲಸ, ಏನು ತಯಾರಾಗುತ್ತೆ, ವ್ಯಾಪಾರ ಹೇಗಿದೆ. ಇವಕ್ಕೆ ದಿನಾ ಹತ್ತು ನಿಮಿಷ ಶಾಪಿನಲ್ಲಿ ಕೆಲಸ ಮಾಡುವ ಡಿಪ್ಲೊಮಾ ಹುಡುಗನ ಜೊತೆ ಗಟ್ಟಿಯಾಗಿ ಮಾತಾಡಬೇಕು. ಬಾಯಿಪಾಠ ಬೇಡ, ಪ್ರತಿದಿನ ಬೇರೆ ಬೇರೆ ಥರ ಹೇಳಬೇಕು.

ಆಮೇಲೆ ಮೆಟ್ಟಿಲು. ಮೊದಲು ತಮ್ಮ ಮನೆಗೇ ಒಂದು ಜೋಡಿಯನ್ನು ಊಟಕ್ಕೆ ಕರೆಯುವುದು, ಅದರಲ್ಲಿ ಒಬ್ಬರಿಗಾದರೂ ಕನ್ನಡ ಬರಬೇಕು. ನಂತರ ಪ್ಲೇಸ್ಕೂಲಿನ ಪೇರೆಂಟ್ಸ್ ಮೀಟಿಂಗ್‌ಗೆ ಮಂಜುನಾಥ ಒಬ್ಬರೇ ಹೋಗುವುದು. ಕೊನೆಗೆ ಶನಿವಾರದ ಊಟ, ಪೆಗ್ ಇಲ್ಲದೆ, ಫೋನು ಜೇಬಲ್ಲಿಟ್ಟು. ಪ್ರತಿಸಲ ಹೋಗುವ ಮುಂಚೆ ಏನಾಗಬಹುದು ಅಂತ ಒಂದು ಸಾಲು ಬರೆಯಬೇಕು, ಬಂದ ಮೇಲೆ ಏನಾಯಿತು ಅಂತ ಇನ್ನೊಂದು ಸಾಲು. ಅಳುಕು ಏರಿದಾಗ ಎದ್ದು ಹೋಗಬಾರದು, ಎದುರಿನವರಿಗೆ ಒಂದು ಪ್ರಶ್ನೆ ಕೇಳಬೇಕು. ಪ್ರಶ್ನೆ ಕೇಳಿದರೆ ಗಮನ ತಾನಾಗೇ ಹೊರಗೆ ಹೋಗುತ್ತದೆ.

ಮೊದಲ ಊಟಕ್ಕೆ ಅವರು ಬರೆದಿದ್ದು: "ಹತ್ತು ನಿಮಿಷಕ್ಕೆ ಮಾತು ಮುಗಿಯುತ್ತೆ, ಅವರಿಗೆ ಬೇಜಾರಾಗುತ್ತೆ." ಆಗಿದ್ದು: ಬಂದಾತನಿಗೆ ಕೇರಳದಲ್ಲಿ ತಂದೆಯ ಲೇತ್ ಶಾಪ್ ಇತ್ತಂತೆ, ಹನ್ನೊಂದು ಗಂಟೆಯಾದರೂ ಏಳಲಿಲ್ಲ. ಎಲ್ಲವೂ ಹೀಗೇ ನಡೆಯಲಿಲ್ಲ. ಶನಿವಾರದ ಊಟದಲ್ಲಿ ದೀಪಾ ರೂಢಿಯಿಂದ ಒಂದು ವಾಕ್ಯ ಮುಗಿಸಿಬಿಟ್ಟರು, ಮಂಜುನಾಥ ಮೌನವಾದರು, ವಾಪಸ್ ಬರುವಾಗ ಕಾರಲ್ಲೇ ಜೋರು ಜಗಳ. ಕಾರು ಇಂಥ ಮಾತಿಗೆ ತೀರಾ ಕೆಟ್ಟ ಜಾಗ, ಇಬ್ಬರಿಗೂ ಎದ್ದು ಹೋಗಲು ಆಗುವುದಿಲ್ಲ. ಮನೆಗೆ ಬಂದು ಕನಿಷ್ಠ ಇಪ್ಪತ್ತು ನಿಮಿಷ ಬೇರೆ ಬೇರೆ ಇದ್ದು ಆಮೇಲೆ ಮಾತಾಡಿ ಅಂದೆ. ಮೈ ಬಿಸಿ ಇಳಿಯಲು ಅಷ್ಟಾದರೂ ಹೊತ್ತು ಬೇಕು.

ಮಂಜುನಾಥರಿಗೆ ಕನ್ನಡದ ಸಭೆಯಲ್ಲೂ ಇದೇ ಭಯ ಇದ್ದಿದ್ದರೆ, ಊರಿನ ಮದುವೆಗೂ ಹೋಗದಿದ್ದರೆ, ಆರು ತಿಂಗಳಿಗಿಂತ ಜಾಸ್ತಿ ಹೀಗೇ ಎಳೆದು ಕೆಲಸಕ್ಕೂ ಪೆಟ್ಟು ಬಿದ್ದಿದ್ದರೆ, ಈ ದಾರಿ ಸಾಲುತ್ತಿರಲಿಲ್ಲ. ಆಗ ಅದು ಬರೀ ಇಂಗ್ಲಿಷಿನ ಅಳುಕಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಮನೋವೈದ್ಯರಿಗೆ ತೋರಿಸಬೇಕು. ಎಲ್ಲಿ ಅಂತ ತಿಳಿಯದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಪೆಗ್ಗಿನ ವಿಷಯದಲ್ಲೂ ಅಷ್ಟೆ. ಎರಡು ನಾಲ್ಕಾಗಿ, ಪಾರ್ಟಿ ಇಲ್ಲದ ದಿನವೂ ಬೇಕೆನಿಸಿದರೆ ಮೊದಲು ಅದನ್ನೇ ನೋಡಬೇಕಾಗುತ್ತದೆ.

ಈಗ ಪಟ್ಟಿಯ ಕೊನೆಯ ಸಾಲಿನಲ್ಲಿ 90 ಇದ್ದದ್ದು 45ಕ್ಕೆ ಬಂದಿದೆ. ಇಂಗ್ಲಿಷ್ ಹೆಚ್ಚೇನೂ ಬದಲಾಗಿಲ್ಲ. ದೀಪಾ ಕಂಪನಿಯ ವಾರ್ಷಿಕ ಪಾರ್ಟಿಗೆ ಮಂಜುನಾಥ ಇನ್ನೂ ಹೋಗುವುದಿಲ್ಲ, ಆಕೆ ಒಬ್ಬರೇ ಹೋಗಿಬರುತ್ತಾರೆ, ಅದಕ್ಕೆ ಇಬ್ಬರ ಒಪ್ಪಿಗೆಯೂ ಇದೆ. ಈಗ ಬರುತ್ತಿರುವುದು ಮಗಳ ವಿಷಯಕ್ಕೆ. ಮನೆಯಲ್ಲಿ ಮಗು ಜೊತೆ ಇಂಗ್ಲಿಷ್ ಆಡಬೇಕು ಅಂತ ದೀಪಾ, ಕನ್ನಡವೇ ಇರಲಿ ಅಂತ ಮಂಜುನಾಥ. ಇದು ಒಂದೆರಡು ಭೇಟಿಯಲ್ಲಿ ಮುಗಿಯುವ ಹಾಗೆ ಕಾಣುತ್ತಿಲ್ಲ.