ಲ್ಯಾಪ್‌ಟಾಪ್ ಫ್ಯಾನ್ ಕೂಗುತ್ತಿದೆಯಾ? ಧೂಳು ಎಲ್ಲಿದೆ ನೋಡಿ

ಪ್ರಶ್ನೆ: ಬ್ರೌಸರ್ ತೆರೆದರೂ ಲ್ಯಾಪ್‌ಟಾಪ್ ಫ್ಯಾನ್ ಜೋರಾಗಿ ಕೂಗುತ್ತೆ, ಆಮೇಲೆ ಎಲ್ಲಾ ನಿಧಾನ. ಹೊರಗಿನಿಂದ ಗಾಳಿ ಊದಿದರೂ ಸರಿಹೋಗಿಲ್ಲ. ಬಿಚ್ಚಿ ಕ್ಲೀನ್ ಮಾಡಬಹುದಾ?

ಮಾಡಬಹುದು, ವಾರಂಟಿ ಮುಗಿದಿದ್ದರೆ. ಮೊದಲು ಬಿಸಿಗಾಳಿ ಬರುವ ಕಿಂಡಿಗೆ ಕೈ ಹಿಡಿಯಿರಿ. ಫ್ಯಾನ್ ಕೂಗುತ್ತಿದ್ದರೂ ಗಾಳಿ ಸಣ್ಣಗೆ ಬಂದರೆ ಧೂಳಿನ ಮೇಲೇ ಅನುಮಾನ. ಅದು ಫ್ಯಾನಿಗೂ, ಪ್ರೊಸೆಸರ್‌ನ ಬಿಸಿ ಹೀರಿ ಹೊರಹಾಕುವ ಹೀಟ್‌ಸಿಂಕ್‌ನ ತೆಳು ತಗಡುಗಳಿಗೂ ನಡುವೆ ಕಂಬಳಿ ಚೂರಿನಂತೆ ಕೂತಿರುತ್ತದೆ. ಬಿಸಿ ಹೊರಹೋಗದೆ ಪ್ರೊಸೆಸರ್ 95–100 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ನಿಮಗೆ ಕಾಣುವ ನಿಧಾನ ಅದೇ. ಹೊರಗಿನಿಂದ ಊದಿದರೆ ಆ ಪದರ ಸುಮ್ನೆ ಹಿಂದೆ ಸರಿದು ಮತ್ತೆ ಅಂಟಿಕೊಳ್ಳುತ್ತದೆ.

ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ಕೆಳಗಿನ ಮುಚ್ಚಳ ಬಿಚ್ಚಿದ ತಕ್ಷಣ ಬ್ಯಾಟರಿ ಕನೆಕ್ಟರ್ ಬಿಡಿಸಿ. ವಯರ್ ಹಿಡಿದು ಎಳೆಯಬೇಡಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ತೆಗೆದ ಜಾಗದ ಕ್ರಮದಲ್ಲೇ ಇಡಿ. ಫ್ಯಾನನ್ನು ಎತ್ತಿದರೆ ಧೂಳಿನ ಪದರ ಕಾಣುತ್ತದೆ, ಚಿಮುಟದಿಂದ ಹಗುರವಾಗಿ ಎಳೆದು ತೆಗೆಯಿರಿ. ಉಳಿದದ್ದಕ್ಕೆ ಮೆತ್ತನೆಯ ಬ್ರಷ್ ಸಾಕು. ಗಾಳಿ ಊದುವುದಾದರೆ ಫ್ಯಾನ್ ರೆಕ್ಕೆಯನ್ನು ಬೆರಳಿಂದ ಹಿಡಿದಿರಿ, ಗಿರಗಿರ ತಿರುಗಿದರೆ ಬೇರಿಂಗ್ ಹಾಳಾಗಬಹುದು. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಸ್ಟ್ಯಾಟಿಕ್ ಕರೆಂಟಿನ ಅಪಾಯವಿದೆ.

ಕೆಲವು ಮಾಡೆಲ್‌ಗಳಲ್ಲಿ ಫ್ಯಾನ್ ಹೀಟ್‌ಸಿಂಕಿಗೇ ಸೇರಿಕೊಂಡಿರುತ್ತದೆ. ಪ್ರೊಸೆಸರ್‌ಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಹೊಸದಾಗಿ ಕೈಯಲ್ಲಿಲ್ಲದೆ ಅದನ್ನು ಕೀಳಬೇಡಿ. ಕ್ಲೀನ್ ಮಾಡಿದ ಮೇಲೂ ಫ್ಯಾನ್ ಕರಕರ ಅಂದರೆ ಬೇರಿಂಗ್ ಸವೆದಿರಬಹುದು, ಫ್ಯಾನನ್ನೇ ಬದಲಿಸಿ.