ರಿಸರ್ವ್ ಲೈಟ್ ಬಂದ ಮೇಲೆ ಇನ್ನೆಷ್ಟು ದೂರ?

ಪ್ರಶ್ನೆ: ಬೈಕಿನಲ್ಲಿ ಪೆಟ್ರೋಲ್ ಲೈಟ್ ಹತ್ತಿದ ಮೇಲೆ ಎಷ್ಟು ಕಿ.ಮೀ. ಓಡಿಸಬಹುದು? ಲೆಕ್ಕ ಹಾಕೋದು ಹೇಗೆ?

ಸಾಮಾನ್ಯ ಕಮ್ಯೂಟರ್ ಬೈಕಾದರೆ 40–60 ಕಿ.ಮೀ. ಓಡುತ್ತದೆ. ಆದರೆ ನಿಮ್ಮ ಬೈಕಿನ ಲೆಕ್ಕವನ್ನು ನೀವೇ ಒಮ್ಮೆ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಲೈಟ್ ಆರದೆ ಉರಿಯತೊಡಗಿದ ಕೂಡಲೇ ಬಂಕಿಗೆ ಹೋಗಿ, ಬೈಕನ್ನು ನೆಟ್ಟಗೆ ನಿಲ್ಲಿಸಿ ಫುಲ್ ಟ್ಯಾಂಕ್ ಮಾಡಿಸಿ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿದ್ದರೆ ಕಡಿಮೆ ಹಿಡಿಸಿ ಲೆಕ್ಕ ತಪ್ಪುತ್ತದೆ. ಮ್ಯಾನುಯಲ್‌ನಲ್ಲಿ ಟ್ಯಾಂಕ್ 13 ಲೀಟರ್ ಎಂದಿದ್ದು, 11 ಲೀಟರ್ ಹಿಡಿಸಿತು ಎನ್ನಿ. ಅಂದರೆ 2 ಲೀಟರ್ ಉಳಿದಿತ್ತು. ಅದರಲ್ಲಿ ಅರ್ಧ ಲೀಟರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮಿಕ್ಕ ಒಂದೂವರೆ ಲೀಟರಿಗೆ, ಮೈಲೇಜ್ 40 ಇದ್ದರೆ, 60 ಕಿ.ಮೀ. ಟ್ರಾಫಿಕ್ಕಿನಲ್ಲಿ ಮೈಲೇಜ್ 35ಕ್ಕೆ ಇಳಿದರೆ 52 ಅಷ್ಟೇ. ಕಂಪನಿ ಹೇಳುವ ಮೈಲೇಜನ್ನು ಇಲ್ಲಿ ಹಾಕಬೇಡಿ, ರಸ್ತೆಯಲ್ಲಿ ಕೈಹಿಡಿಯುವುದು ನಿಮಗೆ ನಿಜವಾಗಿ ಸಿಗುವ ಮೈಲೇಜೇ.

ಅರ್ಧ ಲೀಟರ್ ಬಿಡುವುದೇಕೆ? ಫ್ಯೂಯಲ್ ಇಂಜೆಕ್ಷನ್ ಬೈಕಿನಲ್ಲಿ ಟ್ಯಾಂಕಿನೊಳಗಿನ ಪಂಪ್ ತಳದ ಕೊನೆಯ ಹನಿಯನ್ನು ಎಳೆಯಲಾರದು. ಪಂಪನ್ನು ತಣ್ಣಗಿಡುವುದೂ ಅದೇ ಪೆಟ್ರೋಲ್, ಬರಿದು ಓಡಿಸಿದರೆ ಪಂಪಿಗೇ ಪೆಟ್ಟು.

ಲೈಟ್ ಹತ್ತಿಸುವುದು ಪೆಟ್ರೋಲ್ ಮೇಲೆ ತೇಲುವ ಫ್ಲೋಟ್. ಹಾಗಾಗಿ ಘಾಟಿಯ ಏರಿಳಿತದಲ್ಲಿ ಅದು ಮಿನುಗಿ ಆರಬಹುದು. ಸಮತಟ್ಟು ರಸ್ತೆಯಲ್ಲಿ ಬಿಡದೆ ಉರಿದಾಗಿನಿಂದ ಟ್ರಿಪ್ ಮೀಟರ್ ಸೊನ್ನೆ ಮಾಡಿ ಎಣಿಸಿ.